ವಯಸ್ಸು ಕೂಡಿತು, ಹೆಸರು ಸಿಕ್ಕಿತೇ?

ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿ 1950ರ ದಶಕದ ಆರಂಭದಲ್ಲಿ, ಕಟ್ಟಡದ ದುರಸ್ತಿ ನಡೆಯುವಾಗ, ಹಲಗೆಯ ಮೇಲೆ ಬರೆದ ಯುವಕನೊಬ್ಬನ ಚಿತ್ರ ಸಿಕ್ಕಿತು. ಅದು ನಾಟಕಕಾರ ಕ್ರಿಸ್ಟಫರ್ ಮಾರ್ಲೋನದು ಎಂಬ ಮಾತು ಇವತ್ತಿಗೂ ಓಡಾಡ್ತಿದೆ. ನನಗೆ ಅದು ಒಪ್ಪಿಗೆಯಾಗಿಲ್ಲ.

ಚಿತ್ರದ ಮೇಲಿನ ಲ್ಯಾಟಿನ್ ಬರಹ ಹೇಳೋದು ಇಷ್ಟೇ: ಕ್ರಿ.ಶ. 1585, ವಯಸ್ಸು 21. ಜೊತೆಗೊಂದು ಧ್ಯೇಯವಾಕ್ಯವಿದೆ. ಹೆಸರೂ ಇಲ್ಲ, ವಂಶಲಾಂಛನವೂ ಇಲ್ಲ. ಮಾರ್ಲೋಗೆ ದೀಕ್ಷಾಸ್ನಾನವಾದದ್ದು 1564ರ ಫೆಬ್ರವರಿ 26ರಂದು. ಓದಿದ್ದು ಅದೇ ಕಾಲೇಜಿನಲ್ಲಿ. ಲೆಕ್ಕ ಕೂಡಿತು ಅಂತ ಹೆಸರಿಟ್ಟರು.

ಶಾಸನ ಓದುವ ನಮಗೆ ಶಕವರ್ಷದಲ್ಲಿ ಗತವೋ ವರ್ತಮಾನವೋ ಎಂಬ ತಕರಾರು ಹೊಸದಲ್ಲ. ಇಲ್ಲೂ ಅದೇ ಕಥೆ. ಆ ಲ್ಯಾಟಿನ್ ಪದಗಳನ್ನು ಅಕ್ಷರಶಃ ಓದಿದರೆ ‘21ನೆಯ ವರ್ಷದಲ್ಲಿ’ ಎಂದಾಗುತ್ತೆ, ಅಂದರೆ ತುಂಬಿದ್ದು 20. ಆದರೆ ಮಾರ್ಚ್ 1585ರ ಹೊತ್ತಿಗೆ ಮಾರ್ಲೋಗೆ 21 ತುಂಬಿ 22 ನಡೀತಿತ್ತು. ತುಂಬಿದ ವಯಸ್ಸು ಎಂದು ಸಡಿಲವಾಗಿ ಓದಿದರೆ ಮಾತ್ರ ಹೊಂದುತ್ತೆ.

ಉಡುಪು ನೋಡಿ: ಸೀಳು ಬಿಟ್ಟು ಹೊಲಿದ ದುಬಾರಿ ಅಂಗಿ, ಸಾಲು ಹೊನ್ನಿನ ಬಣ್ಣದ ಗುಂಡಿಗಳು. ಮಾರ್ಲೋ ಚಮ್ಮಾರನ ಮಗ, ವಿದ್ಯಾರ್ಥಿವೇತನದ ಮೇಲೆ ಓದಿದವನು. ಅವನು ಇಂಥದ್ದನ್ನು ತೊಡಲೇ ಇಲ್ಲ ಎನ್ನಲಾಗದು. ಆದರೆ ಈ ಉಡುಪು ಅವನತ್ತ ಬೆರಳು ತೋರಿಸುವುದೂ ಇಲ್ಲ.

ವಯಸ್ಸು ಯಾರನ್ನು ಬಿಡಬೇಕು ಅಂತ ಹೇಳೀತು, ಉಳಿದವರಲ್ಲಿ ಯಾರು ಅಂತ ಹೇಳಲಾರದು. ‘ಅಜ್ಞಾತ ಯುವಕ, 1585’ ಎಂದು ಬರೆಯೋದೇ ಸರಿ.