ಬಾಣದ ಗುರುತು ತೋರಿಸದ ಜಾಗ

ಸೈಕಲ್ ಪಂಕ್ಚರ್ ಹಾಕೋದು ಹೇಗೆ ಅಂತ ಕಲಿಸುವ ಆರು ನಿಮಿಷದ ವಿಡಿಯೋ ಒಂದರ ಸ್ಕ್ರಿಪ್ಟ್ ಓದಿದೆ. ನೋಡೋಕೆ ನೀಟಾಗಿದೆ. ಎಡಗಡೆ ದೃಶ್ಯ, ಬಲಗಡೆ ಮಾತು. ಟೈರ್ ಲಿವರ್, ಸ್ಯಾಂಡ್‌ಪೇಪರ್, ಸಲ್ಯೂಷನ್, ಪ್ಯಾಚ್, ಪಂಪ್ ಹೀಗೆ ಪ್ರತಿ ಸಾಮಾನು ತೆರೆ ಮೇಲೆ ಬಂದಾಗಲೂ ಒಂದು ಬಾಣ, ಪಕ್ಕದಲ್ಲಿ ಅದರ ಹೆಸರು. ಕ್ಲೋಸಪ್‌ಗಳಿಗೂ ಬರ ಇಲ್ಲ. ಆದರೂ ಇದನ್ನು ನೋಡಿ ಹಾಕಿದ ಪ್ಯಾಚ್ ನಿಲ್ಲೋದು ನನಗೆ ಅನುಮಾನ. ಯಾಕಂದ್ರೆ ಈ ಕ್ಯಾಮೆರಾ ಸಾಮಾನಿನ ಹತ್ತಿರ ಹೋಗುತ್ತೆ, ರಬ್ಬರಿನ ಹತ್ತಿರ ಹೋಗಲ್ಲ.

ಸಲ್ಯೂಷನ್ ಹಚ್ಚುವ ಶಾಟನ್ನೇ ನೋಡಿ. ಟ್ಯೂಬಿನ ಬಾಯಿಯ ಕ್ಲೋಸಪ್, 'ಸಲ್ಯೂಷನ್' ಅಂತ ಬಾಣ, 'ಹಚ್ಚಿ, ಪ್ಯಾಚ್ ಅಂಟಿಸಿ' ಅಂತ ಮಾತು. ನಾಲ್ಕು ಸೆಕೆಂಡಿಗೆ ಮುಗೀತು. ಇದನ್ನು ನೋಡಿದವರು ಸಲ್ಯೂಷನ್ ಅಂದ್ರೆ ಫೆವಿಕಾಲ್ ಥರ ಅಂದುಕೊಂಡು ಹಸಿಯಾಗಿರುವಾಗಲೇ ಪ್ಯಾಚ್ ಒತ್ತುತ್ತಾರೆ. ಕೆಲಸ ಕೆಡೋದೇ ಅಲ್ಲಿ. ಅದರಲ್ಲಿರುವ ದ್ರಾವಕ ಮೊದಲು ಹಾರಿಹೋಗಬೇಕು. ಪ್ಯಾಚಿಗಿಂತ ಸ್ವಲ್ಪ ಅಗಲವಾಗಿ, ತೆಳ್ಳಗೆ ಹಚ್ಚಿ ಸುಮಾರು ಐದು ನಿಮಿಷ ಸುಮ್ಮನೆ ಬಿಡಬೇಕು. ಒದ್ದೆ ಹೊಳಪು ಹೋಗಿ ಮೇಲ್ಮೈ ಮಂಕಾದರೆ ಸಮಯ ಆಯ್ತು ಅಂತ ಅರ್ಥ. ಮುಂಚೆಯೇ ಅಂಟಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಳ್ಳುತ್ತೆ, ಒತ್ತಿದಾಗ ಪ್ಯಾಚ್ ಜಾರುತ್ತೆ, ಆಮೇಲೆ ಅದರ ಅಂಚು ಏಳುತ್ತೆ. ಹೊಳಪಿನಿಂದ ಮಂಕಿಗೆ ಆಗುವ ಆ ಬದಲಾವಣೆಯನ್ನು ಮಾತಿನಲ್ಲಿ ಹೇಳೋದು ಕಷ್ಟ, ವಿಡಿಯೋದಲ್ಲಿ ತೋರಿಸೋದು ಬಲು ಸುಲಭ. ಕ್ಲೋಸಪ್ ಬೇಕಾಗಿದ್ದು ಅದಕ್ಕೆ. ಹಚ್ಚಿದ ತಕ್ಷಣದ್ದೊಂದು, ಐದು ನಿಮಿಷದ ನಂತರದ್ದೊಂದು, ಎರಡೂ ಅಕ್ಕಪಕ್ಕ ಇಟ್ಟರೆ ಸಾಕಿತ್ತು.

ಕಾಯುವ ಆ ಐದು ನಿಮಿಷಕ್ಕೂ ಕೆಲಸ ಇದೆ, ಸ್ಕ್ರಿಪ್ಟಿನಲ್ಲಿ ಅದೂ ಇಲ್ಲ. ಟ್ಯೂಬಿಗೆ ತೂತು ಮಾಡಿದ್ದು ಇನ್ನೂ ಟೈರಿನಲ್ಲೇ ಇರಬಹುದು. ಉದಾಹರಣೆಗೆ, ತೂತು ವಾಲ್ವ್‌ನಿಂದ ಒಂದು ಗೇಣು ದೂರದಲ್ಲಿದೆ ಅಂತಿಟ್ಕೊಳ್ಳಿ. ಟೈರಿನಲ್ಲೂ ವಾಲ್ವ್ ಇದ್ದ ಜಾಗದಿಂದ ಅಷ್ಟೇ ದೂರ ಹುಡುಕಬೇಕು. ಟ್ಯೂಬನ್ನು ಯಾವ ದಿಕ್ಕಿನಲ್ಲಿ ತೆಗೆದದ್ದು ಅಂತ ನೆನಪಿಲ್ಲದಿದ್ದರೆ ವಾಲ್ವ್‌ನ ಎರಡೂ ಕಡೆ ನೋಡಬೇಕು. ಕೂದಲೆಳೆಯಂಥ ತಂತಿ ಕಣ್ಣಿಗೆ ಬೀಳಲ್ಲ, ಬೆರಳು ಆಡಿಸಿದರೆ ಚುಚ್ಚುತ್ತೆ. ಹತ್ತಿ ಬಟ್ಟೆಯಿಂದ ಒಳಗಡೆ ಒರೆಸಿದರೆ ನೂಲು ಅದಕ್ಕೆ ಸಿಕ್ಕಿಕೊಳ್ಳುತ್ತೆ. ಇನ್ನು ತೂತು ರಿಮ್ ಕಡೆಗಿದ್ದರೆ ಟೈರಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ರಿಮ್ ಪಟ್ಟಿ ಸರಿದು ಕಡ್ಡಿಯ ತುದಿ ಒತ್ತುತ್ತಿದೆಯಾ ಅಂತ ನೋಡಬೇಕು.

ಈ ಸ್ಕ್ರಿಪ್ಟಿನಲ್ಲಿ ಬಟ್ಟೆಗೆ ಬಾಣ ಇಲ್ಲ, ಯಾಕಂದ್ರೆ ಅದು ಕಿಟ್‌ನೊಳಗೆ ಬರಲ್ಲ. ಪಂಪಿಗೆ ಮಾತ್ರ ಮೂರು ಸಲ ಬಾಣ ಇದೆ. ಪಂಪ್ ಯಾವುದು ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಅದರಲ್ಲಿ ಎರಡನ್ನು ತೆಗೆದು, ಒಂದನ್ನು ಮಂಕಾದ ಸಲ್ಯೂಷನ್ ಮೇಲೆ, ಇನ್ನೊಂದನ್ನು ನೂಲು ಸಿಕ್ಕಿಕೊಂಡ ತಂತಿಯ ಮೇಲೆ ಇಡಲಿ. ಕಿಟ್‌ನ ಜಾಹೀರಾತಿನಂತಿರುವ ಸ್ಕ್ರಿಪ್ಟು ಆಗ ಪಂಕ್ಚರ್ ಹಾಕೋದನ್ನು ಕಲಿಸುತ್ತೆ.