ಬೈಗುಳ ಮುಗಿದ ಮೇಲಿನ ರಾಮಧಾನ್ಯ

ಹಂಗಳದಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಹಿಡಿದರೆ ಎದುರಾಗುವುದು ಮಳೆಯನ್ನೇ ನಂಬಿದ ಹೊಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ಮುದ್ದೆಯುಂಡು ಬದುಕಿದ ಈ ಗುಂಡ್ಲುಪೇಟೆ ಸೀಮೆಯಲ್ಲಿ ಕೂತು ಓದಿದವರಿಗೆ, ಆ ಕಾವ್ಯಕ್ಕೆ ಸಿಕ್ಕ ಹೊಗಳಿಕೆ ಅಷ್ಟೂ ತಪ್ಪು ಜಾಗಕ್ಕೆ ಸಂದಿದೆ ಅನ್ನಿಸುತ್ತದೆ. ಎಲ್ಲರೂ ಚಪ್ಪರಿಸುವುದು ಭತ್ತ ಮತ್ತು ರಾಗಿಯ ಜಗಳವನ್ನು.

ಆ ಜಗಳವನ್ನೇ ನಿಧಾನವಾಗಿ ನೋಡಬೇಕು. ಭತ್ತ ಹಂಗಿಸುವುದು ಹುಟ್ಟನ್ನು: ನೀನು ಶೂದ್ರರ ಅನ್ನ, ಯಜ್ಞಕ್ಕೆ ಸಲ್ಲದವನು. ಇದು ಶುದ್ಧ ನಿಂದನೆ. ರಾಗಿ ಏನು ಮಾಡಿದರೂ ಈ ಆರೋಪ ತೊಲಗದು. ನರೆದಲಗ, ಅಂದರೆ ರಾಗಿ, ತಿರುಗಿ ಕೇಳುವುದು ನಡತೆಯನ್ನು: ಬಡವರನ್ನು ಕಣ್ಣೆತ್ತಿ ನೋಡದೆ ಧನಿಕರ ಬೆನ್ನು ಹತ್ತುತ್ತೀಯ, ಬರ ಬಂದಾಗ ಎಲ್ಲಿದ್ದೆ? ಇದಕ್ಕೆ ಭತ್ತ ಉತ್ತರ ಕೊಡಬಹುದು, ತಿದ್ದಿಕೊಳ್ಳಬಹುದು. ವಿಡಂಬನೆಗೂ ಬೈಗುಳಕ್ಕೂ ಇರುವ ಅಂತರ ಒಂದೇ ಸಭೆಯಲ್ಲಿ ಹೀಗೆ ಎದುರುಬದುರು ನಿಂತ ಇನ್ನೊಂದು ಕನ್ನಡ ಕಾವ್ಯ ಸುಲಭಕ್ಕೆ ನೆನಪಾಗದು. ಆದರೆ ಹೆಣದ ಬಾಯಿಗೂ ನೀನೇ ಬೀಳುವವನು ಎಂದು ಚುಚ್ಚುವಾಗ ರಾಗಿಯೂ ಜಾರುತ್ತದೆ. ಬಾಯಿಗೆ ಅಕ್ಕಿ ಹಾಕುವುದು ಮನುಷ್ಯರ ಶಾಸ್ತ್ರ, ಅಕ್ಕಿಯ ತಪ್ಪಲ್ಲ. ಆ ಮಾತೇ ಕಾವ್ಯದ ದುರ್ಬಲ ಜಾಗ.

ಜಗಳ ಕೇಳಿದ ರಾಮ ಯಾರ ಮಾತನ್ನೂ ನೆಚ್ಚುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಹೊರಬರುತ್ತದೆ, ರಾಘವನ ಹೆಸರು ಪಡೆಯುತ್ತದೆ. ಇದು ಒಕ್ಕಲು ಮನೆಯ ಅರಿವು. ರಾಗಿಯ ಕಾಳು ಬಲು ಸಣ್ಣದು, ಹುಳು ಒಳಹೊಕ್ಕು ಬೆಳೆಯಲು ಜಾಗ ಸಾಲದು. ನೀರು ಸೋಕದ ಹಗೇವಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಡಬ್ಬಿಯ ಅಕ್ಕಿಗೆ ಒಂದೇ ಮಳೆಗಾಲದಲ್ಲಿ ನುಸಿ ಹಿಡಿಯುವುದನ್ನು ಮೊರದಲ್ಲಿ ಕೇರಿದವರೆಲ್ಲ ಬಲ್ಲರು. ಮೇಲಿನವರ ದೊಡ್ಡಸ್ತಿಕೆಯನ್ನು ಕನಕರು ಮುರಿದದ್ದು ಮಾತಿನಿಂದಲ್ಲ, ಈ ಪರೀಕ್ಷೆಯಿಂದ.

ಇಷ್ಟು ಕಂಡರೂ ಕೆಲವು ವಿಮರ್ಶಕರು ಇದನ್ನು ಕನಕರು ತಮ್ಮನ್ನು ಕೀಳಾಗಿ ಕಂಡವರ ಮೇಲೆ ತೀರಿಸಿಕೊಂಡ ಸೇಡು ಎಂದು ಓದುತ್ತಾರೆ. ವ್ಯಾಸರಾಯರ ಶಿಷ್ಯರ ಕಥೆಗಳನ್ನೂ ಉಡುಪಿಯ ಕಿಂಡಿಯನ್ನೂ ಪುರಾವೆಗೆ ಎಳೆದು ತರುತ್ತಾರೆ. ಜಾತಿಯ ನೋವು ಕಾವ್ಯದೊಳಗೆ ಖಂಡಿತ ಇದೆ. ಆದರೆ ಭತ್ತಕ್ಕೆ ಒಬ್ಬ ವ್ಯಕ್ತಿಯ ಮುಖ ಅಂಟಿಸಿದರೆ ಆ ವ್ಯಕ್ತಿ ಸತ್ತ ದಿನವೇ ಕಾವ್ಯವೂ ಮುಗಿಯುತ್ತದೆ. ಕನಕರು ಯಾರ ಹೆಸರನ್ನೂ ಹೇಳದೆ ಧಾನ್ಯಗಳನ್ನು ಆರಿಸಿದ್ದು, ಬಡವರ ಹಸಿವಿಗೆ ಒದಗದ ಯಾವ ಶ್ರೇಷ್ಠತೆಯೂ ಆ ಕಟಕಟೆಯಲ್ಲಿ ನಿಲ್ಲಲಿ ಎಂದು. ತೀರ್ಪಿಗೆ ಅರಸನೇ ಬೇಕಾಯಿತೆಂಬ ಕೊರತೆ ಮಾತ್ರ ಉಳಿಯುತ್ತದೆ.

ತರಗತಿಯಲ್ಲಿ ಈ ಕಾವ್ಯ ಹೇಳುವ ಮೇಷ್ಟ್ರುಗಳು ಬೈದಾಟಕ್ಕೇ ಗಂಟೆ ಮುಗಿಸದೆ ಸೆರೆಮನೆಯ ಭಾಗವನ್ನೂ ಮಕ್ಕಳಿಗೆ ಓದಿಸಲಿ.