64 ಪಿಕ್ಸೆಲ್‌ನಲ್ಲಿ ಆನೆಗೊಂದಿಯ ಗೋಡೆ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಕೋಟೆಗೋಡೆ ಹತ್ತಿರದಿಂದ ಬೇರೆ, ದೂರದಿಂದ ಬೇರೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗ್ರಾನೈಟ್ ಬಂಡೆಗಳ ನಡುವಿನ ಸಂದು ತೀರ ಸಣ್ಣದು. ಹೊಳೆಯಾಚೆಯಿಂದ ನೋಡುವವನಿಗೆ ಸಂದು ಮಾಯವಾಗಿ ಬಂಡೆಯ ಗಾತ್ರ, ಅದರ ಮೇಲಿನ ಬೆಳಕು ಮಾತ್ರ ಉಳಿಯುತ್ತವೆ. ಇಂಥ ಗೋಡೆಯನ್ನು ವಿಡಿಯೊ ಗೇಮ್‌ಗಾಗಿ ಕೈಯಿಂದ ಚಿತ್ರಿಸುವಾಗ ಸಂದು, ಬಿರುಕುಗಳ ಗೆರೆಗಳನ್ನೇ ನಂಬಿದರೆ ಕೆಲಸ ಕೆಡುತ್ತದೆ. ಗೋಡೆಯನ್ನು ಹೊತ್ತು ನಿಲ್ಲಿಸಬೇಕಾದದ್ದು ಒಂದೊಂದು ಕಲ್ಲಿನ ಮೈಮೇಲೆ ಬಳಿದ ನೆರಳು-ಬೆಳಕು.

ಲೆಕ್ಕ ಸರಳವಾಗಿದೆ. ನಾಲ್ಕು ಮೀಟರ್ ಗೋಡೆಗೆ 1024 ಪಿಕ್ಸೆಲ್ ಅಗಲದ ಚಿತ್ರ ಎಂದುಕೊಳ್ಳೋಣ. ಒಂದು ಮೀಟರಿನ ಕಲ್ಲಿಗೆ 256 ಪಿಕ್ಸೆಲ್, ಸಂದಿಗೆ 6. ಗೋಡೆ ದೂರ ಸರಿದಂತೆ ಗೇಮ್ ಎಂಜಿನ್ ಅದೇ ಚಿತ್ರದ ಕಿರಿದಾದ ಪ್ರತಿಗಳನ್ನು ಬಳಸುತ್ತದೆ. ಅಕ್ಕಪಕ್ಕದ ಬಣ್ಣಗಳ ಸರಾಸರಿಯಿಂದ ಆದ ಪ್ರತಿಗಳವು. 64 ಪಿಕ್ಸೆಲ್ ಪ್ರತಿಯಲ್ಲಿ ಸಂದು ಅರ್ಧ ಪಿಕ್ಸೆಲ್ಲೂ ಇರದು. ಕಲ್ಲಿನ ಹೊಳಪು ನೂರಕ್ಕೆ 60, ಸಂದಿನದು 10 ಇದ್ದರೆ, ಅಲ್ಲಿ ಉಳಿಯುವುದು ಹೆಚ್ಚುಕಡಿಮೆ 41ರ ಮಂಕು ಬೂದು. ಎರಡು ಪಿಕ್ಸೆಲ್ಲಿನ ಬಿರುಕಂತೂ ಲೆಕ್ಕಕ್ಕೇ ಇಲ್ಲ. ಆದರೆ ಕಲ್ಲಿನ ಮೇಲಂಚು 70, ಬುಡ 45 ಆಗುವಂತೆ ಇಳಿಜಾರಾಗಿ ಬಳಿದಿದ್ದರೆ, ಕಲ್ಲು 16 ಪಿಕ್ಸೆಲ್ಲಿಗೆ ಕುಗ್ಗಿದರೂ ಆ ಇಳಿಜಾರು ಹಾಗೇ ಇರುತ್ತದೆ. ನೆರಳಿಗೆ ಕಪ್ಪಿನ ಬದಲು ನೀಲಿ ಬೆರೆತ ಬೂದು, ಬೆಳಕಿಗೆ ಕೊಂಚ ಕೆಂಪು ಮಿಶ್ರ ಹಳದಿ ಕೊಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಬರೆಯುವಾಗಲೇ ಆಗಾಗ ಚಿತ್ರವನ್ನು 64ಕ್ಕೆ ಇಳಿಸಿ, ಬಣ್ಣ ತೆಗೆದು ನೋಡಬೇಕು: ಕಲ್ಲುಗಳು ಎಣಿಸಲು ಬರುತ್ತವೆಯೇ? ಯಾವುದೋ ಒಂದೇ ಕಲ್ಲು ಮಿಂಚುತ್ತಿದ್ದರೆ ಅದನ್ನು ತಗ್ಗಿಸಬೇಕು. ಚಿತ್ರ ಉದ್ದಕ್ಕೂ ಮರುಕಳಿಸುವಾಗ ಅದು ಗೋಡೆಗೆ ಹೊಲಿದ ಗುಂಡಿಯಂತೆ ಕಾಣುತ್ತದೆ.

ಬೆಳಕನ್ನು ಚಿತ್ರದಲ್ಲೇ ಬರೆದುಬಿಟ್ಟರೆ ಆಟದೊಳಗಿನ ಸೂರ್ಯ ಬೇರೆ ದಿಕ್ಕಿಗೆ ಬಂದಾಗ ಸುಳ್ಳಾಗದೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಎಡಗಡೆಯ ಬಿಸಿಲು, ಬಲಕ್ಕೆ ಚಾಚಿದ ನೆರಳು ಬರೆದರೆ ಖಂಡಿತ ಸುಳ್ಳಾಗುತ್ತದೆ. ಬರೆಯಬೇಕಾದದ್ದು ಮೋಡ ಕವಿದ ದಿನದ ಬೆಳಕು: ಆಕಾಶದಿಂದ ಇಳಿದು ಮೇಲಂಚಿಗೆ ತಾಗುವುದು, ಸಂದಿಗೆ ಇಳಿಯದೆ ಉಳಿಯುವುದು. ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದರೂ ಇದು ಒಪ್ಪುತ್ತದೆ. ಅದೇ ಚಿತ್ರವನ್ನು ಸೋಮಾರಿತನದಿಂದ ನೆಲಕ್ಕೆ ಹಾಸಿದರೆ ಮಾತ್ರ ಮೋಸ ಬಯಲಾಗುತ್ತದೆ. ಉಬ್ಬುತಗ್ಗು ತೋರಿಸಲು ನಾರ್ಮಲ್ ಮ್ಯಾಪ್ ಇದೆಯಲ್ಲ ಎನ್ನುವವರೂ ಇದ್ದಾರೆ. ದೂರದಲ್ಲಿ ಅದರ ಉಬ್ಬುತಗ್ಗುಗಳೂ ಸರಾಸರಿಯಾಗಿ ಚಪ್ಪಟೆಯಾಗುತ್ತವೆ. ಹತ್ತಿರದಲ್ಲಿ ಮಾತ್ರ ಅದು ಕೈಹಿಡಿಯುತ್ತದೆ.

ಈ ವಿಧಾನ ಎಲ್ಲ ಗೋಡೆಗೂ ಹೊಂದುವುದಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಗೋಡೆ ಹೊರಚಾಚಿ, ಒಳಸರಿದು, ತನ್ನ ನೆರಳನ್ನು ತಾನೇ ಬೀಳಿಸುತ್ತದೆ. ಅಲ್ಲಿ ಆ ಮಡಿಕೆಗಳನ್ನು ಮಾದರಿಯಲ್ಲೇ ಕಟ್ಟಬೇಕು. ಅದರ ಮೇಲೆ ಕುಂಚದ ನೆರಳನ್ನೂ ಹೇರಿದರೆ ಕಲ್ಲು ಮಸಿ ಹಿಡಿದಂತೆ ಕಾಣುತ್ತದೆ.